ಬಡ್ಡಿ ಪ್ರಮಾಣಪತ್ರದಲ್ಲಿ ಒಂದು ಎಫ್‌ಡಿಯೇ ಇರಲಿಲ್ಲ: ರಿಟರ್ನ್ ಹಾಕುವ ಮುಂಚೆ ನೋಡಿಕೊಳ್ಳಿ

ಮನೆಯಲ್ಲಿ ನಿವೃತ್ತರಾದ ಹಿರಿಯರಿದ್ದು, ಅವರ ಹಣ ಎಫ್‌ಡಿಯಲ್ಲಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಬ್ಯಾಂಕಿನ ಸೀಲು, ಸಹಿ ಎರಡೂ ಇದ್ದ ಬಡ್ಡಿ ಪ್ರಮಾಣಪತ್ರದಲ್ಲಿ ಎಫ್‌ಡಿ ಬಡ್ಡಿಯ ಹತ್ತಿರಹತ್ತಿರ ಅರ್ಧ ಬಿಟ್ಟುಹೋಗಿತ್ತು. ಅದನ್ನೇ ನಂಬಿ ರಿಟರ್ನ್ ಹಾಕಿದ್ದಕ್ಕೆ ನಮ್ಮಪ್ಪನ ರಿಫಂಡ್ ತಿಂಗಳುಗಟ್ಟಲೆ ನಿಂತಿತು. ಕೊನೆಗೆ ತೆರಿಗೆ ಇಲಾಖೆಯಿಂದ ಮೆಸೇಜ್ ಬಂತು. ಬದುಕಿನಲ್ಲಿ ಒಂದು ರೂಪಾಯಿ ಮುಚ್ಚಿಡದ ಮನುಷ್ಯ ಆ ಮೆಸೇಜ್ ಓದಿ ರಾತ್ರಿ ನಿದ್ದೆ ಮಾಡಲಿಲ್ಲ. ಬೇರೆಯವರಿಗೆ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ನಾವು ವಿಜಯಪುರದವರು. ಅಪ್ಪ ಪಿಯು ಕಾಲೇಜಿನಲ್ಲಿ ಉಪನ್ಯಾಸಕರಾಗಿದ್ದು ನಿವೃತ್ತರಾದವರು. ಪಿಂಚಣಿ ಬರುತ್ತದೆ. ಬ್ಯಾಂಕಿನ ಹೆಸರು ಹೇಳುವುದಿಲ್ಲ. ಅಲ್ಲಿ ಅವರದು ಒಂದು ಉಳಿತಾಯ ಖಾತೆ, ಎರಡು ಎಫ್‌ಡಿ. ಒಂದು ಎಫ್‌ಡಿ ಐದು ಲಕ್ಷದ್ದು, ಮೂರು ತಿಂಗಳಿಗೊಮ್ಮೆ ಬಡ್ಡಿ ಉಳಿತಾಯ ಖಾತೆಗೆ ಬೀಳುತ್ತದೆ. ಇನ್ನೊಂದು ನಾಲ್ಕು ಲಕ್ಷದ್ದು, ಬಡ್ಡಿ ಅಸಲಿಗೇ ಸೇರಿಕೊಂಡು ಬೆಳೆಯುವಂಥದ್ದು. ಈ ಎರಡನೆಯದನ್ನು ಅಪ್ಪ ಮೊದಲು ಇಟ್ಟದ್ದು ಬೇರೆ ಬ್ಯಾಂಕಿನಲ್ಲಿ. ಆ ಬ್ಯಾಂಕು ಆಮೇಲೆ ಈ ಬ್ಯಾಂಕಿನಲ್ಲಿ ವಿಲೀನವಾಯಿತು. ಠೇವಣಿ 2023ರ ಏಪ್ರಿಲ್ 1ಕ್ಕೆ ತಾನಾಗಿಯೇ ರಿನೀವಲ್ ಆಯಿತು. ಎರಡಕ್ಕೂ ಶೇ. 7.5 ಬಡ್ಡಿ.

2023-24ನೇ ಸಾಲಿನ ರಿಟರ್ನ್ ಹಾಕಲು ಶಾಖೆಯಿಂದ ಬಡ್ಡಿ ಪ್ರಮಾಣಪತ್ರ ತಂದೆವು. ಅದರಲ್ಲಿ ಉಳಿತಾಯ ಖಾತೆಯ ಬಡ್ಡಿ 6,240 ರೂ., ಎಫ್‌ಡಿ ಬಡ್ಡಿ 37,500 ರೂ., ಕಡಿದ ಟಿಡಿಎಸ್ 3,752 ರೂ. ಅಂತ ಇತ್ತು. ಎರಡೂ ಬಡ್ಡಿ ಸೇರಿ 43,740. ಅಪ್ಪ ಹಳೆಯ ತೆರಿಗೆ ಪದ್ಧತಿಯಲ್ಲಿದ್ದರು. ಅದರಲ್ಲಿ 60 ದಾಟಿದವರಿಗೆ 80ಟಿಟಿಬಿ ಅಡಿ ಬ್ಯಾಂಕ್ ಬಡ್ಡಿಯಲ್ಲಿ 50,000ದವರೆಗೆ ವಿನಾಯಿತಿ ಸಿಗುತ್ತದೆ. ಹಾಗಾಗಿ ಬಡ್ಡಿಗೆ ತೆರಿಗೆಯೇ ಬರಲಿಲ್ಲ. ರಿಟರ್ನ್ ತುಂಬಿದ ಸಲಹೆಗಾರರು ಆದಾಯವನ್ನು ಪ್ರಮಾಣಪತ್ರದಿಂದ ಬರೆದರು. ಟಿಡಿಎಸ್ ಮಾತ್ರ ಪೋರ್ಟಲ್‌ನಲ್ಲಿ ಮೊದಲೇ ತುಂಬಿ ಬಂದಿದ್ದ 6,830ನ್ನು ಹಾಗೇ ಬಿಟ್ಟರು. ಕಡಿದದ್ದೆಲ್ಲ ವಾಪಸ್ ಬರುತ್ತದೆ ಅಂತ ಲೆಕ್ಕ.

ಬರಲಿಲ್ಲ. ಡಿಸೆಂಬರ್‌ನಲ್ಲಿ ಮೆಸೇಜ್ ಬಂತು: ನೀವು ತೋರಿಸಿದ ಆದಾಯಕ್ಕೂ ಎಐಎಸ್‌ನಲ್ಲಿ ಇರುವ ಆದಾಯಕ್ಕೂ ಹೊಂದಾಣಿಕೆ ಇಲ್ಲ. ಎಐಎಸ್ ಅಂದರೆ ಬ್ಯಾಂಕು ಮತ್ತಿತರ ಕಡೆಯಿಂದ ನಿಮ್ಮ ಪ್ಯಾನ್ ಮೇಲೆ ಇಲಾಖೆಗೆ ಹೋದ ಮಾಹಿತಿಯ ಪಟ್ಟಿ. ಇ-ಫೈಲಿಂಗ್ ಪೋರ್ಟಲ್‌ಗೆ ಲಾಗಿನ್ ಆದರೆ ಯಾರು ಬೇಕಾದರೂ ತಮ್ಮದನ್ನು ನೋಡಬಹುದು. ಅಪ್ಪನ ಪಟ್ಟಿ ತೆಗೆದು, ಠೇವಣಿ ಬಡ್ಡಿಯ ಸಾಲನ್ನು ಬಿಡಿಸಿ ನೋಡಿದೆ. ಖಾತೆ ನಂಬರಿನ ಸಮೇತ ಎರಡು ಎಫ್‌ಡಿ ಇದ್ದವು. ಒಂದಕ್ಕೆ 37,500, ಇನ್ನೊಂದಕ್ಕೆ 30,768. ಒಟ್ಟು 68,268.

ಪ್ರಮಾಣಪತ್ರ, ಪಾಸ್‌ಬುಕ್, ಎಫ್‌ಡಿ ರಸೀದಿ ಮೂರನ್ನೂ ಹಿಡಿದು ಶಾಖೆಗೆ ಹೋದೆ. ಕೌಂಟರಿನಲ್ಲಿದ್ದವರು ಮತ್ತೊಮ್ಮೆ ಪ್ರಿಂಟ್ ತೆಗೆದರು. ಅದೇ 37,500. "ಸಿಸ್ಟಮ್‌ನಾಗ ಇಷ್ಟ ಬರತೈತ್ರೀ, ನಾವೇನ್ ಕೈಯಿಂದ ಬರದಿಲ್ಲ" ಅಂದರು. ನಾನು ರಸೀದಿ ಮುಂದಿಟ್ಟು, ಈ ನಂಬರ್ ಹಾಕಿ ನೋಡ್ರಿ ಅಂದೆ. ಆಗ ಗೊತ್ತಾಯಿತು. ಅಪ್ಪನಿಗೆ ಆ ಬ್ಯಾಂಕಿನಲ್ಲಿ ಎರಡು ಕಸ್ಟಮರ್ ಐಡಿ ಇದ್ದವು. ಒಂದು ಮೊದಲಿನಿಂದ ಇದ್ದದ್ದು, ಇನ್ನೊಂದು ವಿಲೀನದ ಜೊತೆ ಬಂದದ್ದು. ಪ್ರಮಾಣಪತ್ರ ಒಂದು ಕಸ್ಟಮರ್ ಐಡಿಯ ಖಾತೆಗಳನ್ನಷ್ಟೇ ತೋರಿಸುತ್ತದೆ. ಇಲಾಖೆಗೆ ಹೋಗುವ ವರದಿ ಮಾತ್ರ ಪ್ಯಾನ್ ಮೇಲೆ ಹೋಗುತ್ತದೆ. ಅಲ್ಲಿ ಎರಡೂ ಸೇರಿಕೊಳ್ಳುತ್ತವೆ. ನಮ್ಮ ಕೈಗೆ ಒಂದು ಲೆಕ್ಕ, ಇಲಾಖೆಗೆ ಇನ್ನೊಂದು ಲೆಕ್ಕ. ಗ್ರಾಹಕರಿಗೆ ಕೊಡುವ ಕಾಗದದ ಮೇಲೆ "ಇದು ಈ ಐಡಿಗೆ ಮಾತ್ರ" ಅಂತ ದಪ್ಪ ಅಕ್ಷರದಲ್ಲಿ ಬರೆಯಬಾರದೇ? ವಯಸ್ಸಾದವರು ಇದನ್ನು ಹೇಗೆ ಊಹಿಸಬೇಕು?

ತಪ್ಪಿನ ಸುಳಿವು ಆ ಕಾಗದದಲ್ಲೇ ಇತ್ತು. ಆ ಸಾಲಿನಲ್ಲಿ ಹಿರಿಯ ನಾಗರಿಕರಿಗೆ ಒಂದು ಬ್ಯಾಂಕಿನಿಂದ ಬರುವ ಠೇವಣಿ ಬಡ್ಡಿ ವರ್ಷಕ್ಕೆ 50,000 ದಾಟಿದರೆ ಮಾತ್ರ ಟಿಡಿಎಸ್ ಕಡಿಯಬೇಕು. ಪ್ರಮಾಣಪತ್ರದಲ್ಲಿರುವ ಬಡ್ಡಿ ಬರೀ 37,500. ಹಾಗಿದ್ದ ಮೇಲೆ ಟಿಡಿಎಸ್ ಕಡಿದದ್ದು ಯಾಕೆ? ಕಾಗದದ ಮೇಲೆ ಇಲ್ಲದ ಇನ್ನೊಂದು ಠೇವಣಿ ಸೇರಿಯೇ ಮಿತಿ ದಾಟಿದೆ ಅಂತ ಅರ್ಥ. 2025ರ ಏಪ್ರಿಲ್ 1ರಿಂದ ಈ ಮಿತಿ ಹಿರಿಯರಿಗೆ ಒಂದು ಲಕ್ಷ, ಉಳಿದವರಿಗೆ 50,000 ಆಗಿದೆ. ನಿಮ್ಮ ಕಾಗದವನ್ನು ಆಯಾ ವರ್ಷದ ಮಿತಿಗೆ ಹೋಲಿಸಿ ನೋಡಿ.

ಇನ್ನೂ ಸುಲಭದ ಪರೀಕ್ಷೆ ಒಂದಿದೆ. ಪ್ಯಾನ್ ಕೊಟ್ಟಿದ್ದರೆ ಟಿಡಿಎಸ್ ಶೇ. 10. ಆದ್ದರಿಂದ ನಿಮ್ಮ ಪ್ಯಾನ್ ಮೇಲೆ ಕಡಿದ ತೆರಿಗೆಯ ಪಟ್ಟಿಯಾದ 26ಎಎಸ್‌ನಲ್ಲಿ ಆ ಬ್ಯಾಂಕಿನ ಹೆಸರಿನ ಮುಂದೆ ಇರುವ ಟಿಡಿಎಸ್ಸನ್ನು ಹತ್ತರಿಂದ ಗುಣಿಸಿ. ನಮ್ಮದು 6,830, ಅಂದರೆ ಬಡ್ಡಿ 68,300ರ ಆಸುಪಾಸು ಇರಬೇಕು. ಪ್ರಮಾಣಪತ್ರ 37,500 ಅನ್ನುತ್ತಿದೆ. ಅಲ್ಲೇ ನಿಲ್ಲಬೇಕಿತ್ತು. ಟಿಡಿಎಸ್ ಕಡಿಯಬೇಡಿ ಅಂತ 15ಎಚ್ ಅಥವಾ 15ಜಿ ಫಾರಂ ಕೊಟ್ಟವರಿಗೆ, ಇಲ್ಲವೇ ಬಡ್ಡಿ ಮಿತಿಯೊಳಗೆ ಇರುವವರಿಗೆ ಈ ಪರೀಕ್ಷೆ ಕೆಲಸಕ್ಕೆ ಬರುವುದಿಲ್ಲ, ಯಾಕೆಂದರೆ ಟಿಡಿಎಸ್ಸೇ ಇರುವುದಿಲ್ಲ. ಅವರು ಮನೆಯಲ್ಲಿರುವ ಎಫ್‌ಡಿ ರಸೀದಿಗಳನ್ನೆಲ್ಲ ತೆಗೆದು, ಒಂದೊಂದರ ಖಾತೆ ನಂಬರ್ ಪ್ರಮಾಣಪತ್ರದಲ್ಲಿ ಇದೆಯಾ ಅಂತ ಟಿಕ್ ಹಾಕುತ್ತಾ ಹೋಗಬೇಕು.

ಪಾಸ್‌ಬುಕ್ ನೋಡಿದರೆ ಸಾಕಲ್ವಾ ಅಂತ ಕೆಲವರು ಕೇಳುತ್ತಾರೆ. ಸಾಕಾಗುವುದಿಲ್ಲ. ನಾಲ್ಕು ಲಕ್ಷದ ಎಫ್‌ಡಿಯ ಬಡ್ಡಿ ಪಾಸ್‌ಬುಕ್ಕಿಗೆ ಬರುವುದೇ ಇಲ್ಲ. ಅದು ಠೇವಣಿಯೊಳಗೇ ಸೇರುತ್ತದೆ, ಅದರ ಟಿಡಿಎಸ್ ಕೂಡ ಅಲ್ಲೇ ಕಡಿತವಾಗುತ್ತದೆ. ಮೊದಲ ಮೂರು ತಿಂಗಳಿಗೆ 7,500 ಬಡ್ಡಿ, 750 ಟಿಡಿಎಸ್, ಉಳಿದ 6,750 ಅಸಲಿಗೆ. ಹೀಗೆ ವರ್ಷಕ್ಕೆ 30,768 ಆಗಿತ್ತು. ಅವಧಿ ಮುಗಿದು ಹಣ ಕೈಗೆ ಬಂದ ವರ್ಷ ತೋರಿಸಿದರಾಯಿತು ಅಂತ ಹೇಳುವವರಿದ್ದಾರೆ. ಆದರೆ ಬ್ಯಾಂಕು ಪ್ರತಿ ವರ್ಷ ವರದಿ ಮಾಡಿ ಟಿಡಿಎಸ್ ಕಡಿಯುತ್ತದೆ. ಆ ವರ್ಷದ ಟಿಡಿಎಸ್ ಕೇಳಿ ಆ ವರ್ಷದ ಬಡ್ಡಿ ತೋರಿಸದಿದ್ದರೆ ತಾಳೆಯಾಗುವುದೇ ಇಲ್ಲ. ವರ್ಷವರ್ಷ ತೋರಿಸುತ್ತಾ ಹೋಗುವುದೇ ಒಳ್ಳೆಯದು.

ಐದು ಲಕ್ಷದ ಎಫ್‌ಡಿಯ ಬಡ್ಡಿ ಪಾಸ್‌ಬುಕ್ಕಿನಲ್ಲಿ ಇದೆ, ಆದರೆ ಪೂರ್ತಿ ಇಲ್ಲ. ಮಸುಕಾದ ಪ್ರಿಂಟಿನಲ್ಲಿ ಮೂರು ತಿಂಗಳಿಗೊಮ್ಮೆ 8,437 ಜಮಾ ಅಂತ ಕಾಣುತ್ತದೆ. ನಿಜವಾದ ಬಡ್ಡಿ 9,375. ಅದರಲ್ಲಿ 938 ಕಡಿದು ಉಳಿದದ್ದನ್ನು ಹಾಕಿದ್ದಾರೆ. ಪಾಸ್‌ಬುಕ್ಕಿನ ನಾಲ್ಕು ಜಮಾ ಕೂಡಿಸಿದರೆ 33,748. ರಿಟರ್ನಿನಲ್ಲಿ ಬರೆಯಬೇಕಾದದ್ದು 37,500. ಪಾಸ್‌ಬುಕ್ಕಿನ ಜಮಾಕ್ಕೆ ಟಿಡಿಎಸ್ 3,752 ಸೇರಿಸಿದರೆ ಪ್ರಮಾಣಪತ್ರದ ಅಂಕಿಗೆ ಸರಿಯಾಗಿ ಕೂಡಬೇಕು. ಕೂಡದಿದ್ದರೆ ಶಾಖೆಯಲ್ಲಿ ಕೇಳಿ. ಕಡಿದ ಮೇಲೆ ಉಳಿದದ್ದನ್ನೇ ಆದಾಯ ಅಂತ ತೋರಿಸಿ, ಮೇಲೆ ಟಿಡಿಎಸ್ ವಾಪಸ್ ಕೇಳುವವರು ನಮ್ಮ ಕಡೆ ಜಾಸ್ತಿ ಇದ್ದಾರೆ. ಅದು ಸರಿಯಲ್ಲ.

ಎಐಎಸ್‌ನಲ್ಲೂ ಒಂದು ವಿಷಯ ನೋಡಿಕೊಳ್ಳಬೇಕು. ಒಂದೇ ಬಡ್ಡಿ ಎರಡು ಕಡೆ ಕಾಣಬಹುದು: ಟಿಡಿಎಸ್ ಭಾಗದಲ್ಲಿ ಒಮ್ಮೆ, `SFT-016` ಅನ್ನುವ ಭಾಗದಲ್ಲಿ ಖಾತೆವಾರು ಇನ್ನೊಮ್ಮೆ. ಎರಡನ್ನೂ ಕೂಡಿಸಿ ಹೆಚ್ಚು ತೆರಿಗೆ ಕಟ್ಟಬೇಡಿ. ಇನ್ನು ಏಪ್ರಿಲ್‌ನಲ್ಲೇ ನೋಡಿ ಏನೂ ಇಲ್ಲ ಅಂದುಕೊಳ್ಳಬೇಡಿ. ಜನವರಿಯಿಂದ ಮಾರ್ಚ್‌ವರೆಗಿನ ಟಿಡಿಎಸ್ ವಿವರ ಕೊಡಲು ಬ್ಯಾಂಕುಗಳಿಗೆ ಮೇ 31ರವರೆಗೆ ಸಮಯ ಇರುತ್ತದೆ. ಜೂನ್ ಅರ್ಧ ಕಳೆದ ಮೇಲೆ ನೋಡಿದರೆ ಪೂರ್ತಿ ಚಿತ್ರ ಸಿಗುತ್ತದೆ.

ಮೆಸೇಜ್ ಬಂದಾಗ ಪರಿಚಯದವರೊಬ್ಬರು, "ಎಐಎಸ್‌ನ್ಯಾಗ ಈ ಮಾಹಿತಿ ನಮ್ದಲ್ಲ ಅಂತ ಒತ್ತಿಬಿಡ್ರಿ, ಮುಗದ ಹೋಗತೈತಿ" ಅಂದರು. ಹಾಗೆ ಮಾಡಲೇಬೇಡಿ. ನಿಮ್ಮ ಉತ್ತರ ಬ್ಯಾಂಕಿಗೆ ಹೋಗುತ್ತದೆ. ಬ್ಯಾಂಕು ಮಾಹಿತಿ ಸರಿ ಇದೆ ಅಂದರೆ ಬೇಕಂತಲೇ ಆದಾಯ ಮುಚ್ಚಿಟ್ಟವರ ಸಾಲಿಗೆ ನೀವು ಸೇರುತ್ತೀರಿ. ಕಡಿಮೆ ತೋರಿಸಿದ ಆದಾಯದ ಮೇಲಿನ ತೆರಿಗೆಗೆ ಶೇ. 50 ದಂಡ, ಸುಳ್ಳು ಲೆಕ್ಕ ಅಂತಾದರೆ ಶೇ. 200. ಮಾಹಿತಿ ಸರಿ ಇದ್ದರೆ ಸರಿ ಅಂತಲೇ ಒಪ್ಪಿಕೊಂಡು, ರಿಟರ್ನ್ ತಿದ್ದಿ ಹಾಕಿ.

ನಾವು ಹಾಗೇ ಮಾಡಿದೆವು. ಎರಡನೇ ಎಫ್‌ಡಿಯ ಸ್ಟೇಟ್‌ಮೆಂಟನ್ನು ಖಾತೆ ನಂಬರ್ ಕೊಟ್ಟು ಪಡೆದು, ಗಡುವಿನೊಳಗೆ ಪರಿಷ್ಕೃತ ರಿಟರ್ನ್ ಹಾಕಿಸಿದೆವು. ಒಟ್ಟು ಬಡ್ಡಿ 74,508. ವಿನಾಯಿತಿ 50,000 ಹೋಗಿ 24,508ಕ್ಕೆ ತೆರಿಗೆ. ಅಪ್ಪ ಶೇ. 20ರ ಹಂತದಲ್ಲಿದ್ದಾರೆ. ಸೆಸ್ ಸೇರಿ ಸುಮಾರು 5,100 ರೂಪಾಯಿ. 6,830 ವಾಪಸ್ ಬರಬೇಕಿದ್ದ ಕಡೆ 1,730ರ ಹತ್ತಿರ ಬಂತು. ಕಟ್ಟಬೇಕಾದ ತೆರಿಗೆ ಕಟ್ಟಿದ್ದಕ್ಕೆ ಬೇಸರವಿಲ್ಲ. ಸರಿಯಾದ ಕಾಗದ ಮೊದಲೇ ಸಿಕ್ಕಿದ್ದರೆ ಈ ಅಲೆದಾಟ, ಆ ಭಯ ಎರಡೂ ಬೇಕಿರಲಿಲ್ಲ.

ಹೊಸ ಪದ್ಧತಿ ಆರಿಸಿಕೊಂಡವರಿಗೆ 80ಟಿಟಿಬಿ ಸಿಗುವುದಿಲ್ಲ, ಬಡ್ಡಿ ಪೂರ್ತಿ ಆದಾಯಕ್ಕೆ ಸೇರುತ್ತದೆ. ಅವರಿಗೆ ಬಿಟ್ಟುಹೋದ ಒಂದೊಂದು ರೂಪಾಯಿಯೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಭಾಗದಲ್ಲಿ ಪತ್ತಿನ ಸಹಕಾರಿ ಸಂಘ, ಸೌಹಾರ್ದಗಳಲ್ಲಿ ಠೇವಣಿ ಇಡುವವರೂ ಬಹಳ. ಅಲ್ಲಿಂದ ಪ್ರಮಾಣಪತ್ರ ಬೇರೆಯೇ ತರಬೇಕು. ಎಐಎಸ್‌ನಲ್ಲಿ ಕಾಣಲಿಲ್ಲ, ಟಿಡಿಎಸ್ ಕಡಿದಿಲ್ಲ ಅಂದ ಮಾತ್ರಕ್ಕೆ ಆ ಬಡ್ಡಿಗೆ ತೆರಿಗೆ ಇಲ್ಲ ಅಂತಲ್ಲ.

ನಿಮ್ಮ ಬ್ಯಾಂಕು ವಿಲೀನವಾದದ್ದಾಗಿದ್ದರೆ, ಅಥವಾ ಬೇರೆ ಬೇರೆ ಶಾಖೆಯಲ್ಲಿ ಬೇರೆ ಬೇರೆ ಕಾಲದಲ್ಲಿ ಖಾತೆ ತೆರೆದಿದ್ದರೆ, ಮುಂದಿನ ಸಲ ಶಾಖೆಗೆ ಹೋದಾಗ ಒಂದೇ ಪ್ರಶ್ನೆ ಕೇಳಿ: "ನನ್ನ ಪ್ಯಾನ್ ಮೇಲೆ ಎಷ್ಟು ಕಸ್ಟಮರ್ ಐಡಿ ಅದಾವ್ರೀ?" ಒಂದಕ್ಕಿಂತ ಹೆಚ್ಚಿದ್ದರೆ ಎಲ್ಲವನ್ನೂ ಒಂದಾಗಿಸಲು ಅರ್ಜಿ ಕೊಡಿ. ಪ್ಯಾನ್, ಆಧಾರ್ ಜೆರಾಕ್ಸ್ ಜೊತೆಗಿರಲಿ. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಕೆಲಸ ಮುಗಿದ ಮೇಲೆ ಅದೇ ಹಳೆಯ ವರ್ಷದ ಪ್ರಮಾಣಪತ್ರವನ್ನು ಮತ್ತೊಮ್ಮೆ ಪ್ರಿಂಟ್ ತೆಗೆಸಿ ನೋಡಿ. ನಮ್ಮದರಲ್ಲಿ ಈಗ ಎರಡೂ ಎಫ್‌ಡಿ ಕಾಣುತ್ತವೆ.