ಲ್ಯಾಂಬ್ಡಾಗೆ ನೆನಪಿಲ್ಲ, ಲೆಕ್ಕ ಎಲ್ಲಿಡೋದು?

ಶಿರಸಿಯ ಒಂದು ಸಂಘದ ಅಡಿಕೆ ದರದ ಪುಟ ಅವರ ಆಫೀಸಿನ ಸರ್ವರ್‌ನಲ್ಲೇ ಇದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬರುವುದು ಮಾಮೂಲು. ಹಾಗಾಗಿ ಸತತ ಮೂರು ಸಲ ಪುಟ ಸಿಗದಿದ್ದರೆ ಮಾತ್ರ ಮೆಸೇಜ್ ಬರಬೇಕು, ಅದೂ ಒಂದೇ ಸಲ. ಐದು ನಿಮಿಷಕ್ಕೊಮ್ಮೆ ಓಡುವ AWS ಲ್ಯಾಂಬ್ಡಾ ಫಂಕ್ಷನ್ ಆ ಪುಟವನ್ನು ನೋಡಿಕೊಳ್ಳುತ್ತದೆ. ಆದರೆ ಅದಕ್ಕೆ ಹಿಂದಿನ ಸಲ ಏನಾಯ್ತು ಅಂತ ಗೊತ್ತಿರುವುದಿಲ್ಲ. ಹಾಗೇ ಬಿಟ್ಟರೆ ರಾತ್ರಿಯಿಡೀ ಗಂಟೆಗೆ ಹನ್ನೆರಡು ಮೆಸೇಜ್!

ಮೊದಲ ದಾರಿ ಗ್ಲೋಬಲ್ ವೇರಿಯಬಲ್. ಪರೀಕ್ಷೆ ಮಾಡುವಾಗ ಚೆನ್ನಾಗಿಯೇ ಓಡುತ್ತದೆ, ಯಾಕೆಂದರೆ ಅದೇ ಎನ್ವಿರಾನ್ಮೆಂಟ್ ಮತ್ತೆ ಸಿಗುತ್ತಿರುತ್ತದೆ. ಅದು ಯಾವಾಗ ಬದಲಾಗುತ್ತದೋ ಹೇಳಲಾಗದು. ಬದಲಾದರೆ ಲೆಕ್ಕ ಸೊನ್ನೆ. `/tmp` ಕಥೆಯೂ ಅಷ್ಟೇ. ಇದನ್ನು ಬಿಡಿ.

ಎರಡನೆಯದು ಡೈನಮೋಡಿಬಿ ಡೇಟಾಬೇಸ್. ಒಂದು ಸಾಲು ಸಾಕು: ಎಷ್ಟು ಸಲ ಸೋತಿತು, ಕೊನೆಗೆ ಓಡಿದ್ದು ಯಾವಾಗ. ಇಲ್ಲೊಂದು ತೊಡಕಿದೆ. ಫಂಕ್ಷನನ್ನು ಹೊತ್ತಿಗೆ ಸರಿಯಾಗಿ ಕರೆಯುವ ಈವೆಂಟ್‌ಬ್ರಿಡ್ಜ್ ಒಂದೇ ಕರೆಯನ್ನು ಅಪರೂಪಕ್ಕೆ ಎರಡು ಸಲ ಕೊಡಬಹುದು. ಫಂಕ್ಷನ್ ಎರರ್ ಕೊಟ್ಟರೆ ಲ್ಯಾಂಬ್ಡಾ ತಾನೇ ಇನ್ನೂ ಎರಡು ಸಲ ಓಡಿಸುತ್ತದೆ. ಆಗ 10:00ಕ್ಕೆ 1, 10:05ಕ್ಕೆ 2, ಅದೇ 10:05ರ ಕರೆ ಮತ್ತೆ ಬಂದು 3. ಸುಮ್ನೆ ಗಾಬರಿ. ಕರೆಯಲ್ಲೇ ಬರುವ `time` ಅನ್ನು `:t` ಆಗಿ ಕೊಟ್ಟು ಈ ಷರತ್ತು ಹಾಕಿದರೆ ತಪ್ಪುತ್ತದೆ:

```
attribute_not_exists(lastRun) OR lastRun < :t
```

ಆದರೂ ಪೂರ್ತಿ ಬಗೆಹರಿಯಲಿಲ್ಲ. 3 ಅಂತ ಬರೆದು, ಮೆಸೇಜ್ ಕಳಿಸುವ ಮೊದಲೇ ಫಂಕ್ಷನ್ ಸತ್ತರೆ? ಮರುಓಟವನ್ನು ಷರತ್ತು ತಡೆಯುತ್ತದೆ, ಮೆಸೇಜ್ ಹೋಗುವುದೇ ಇಲ್ಲ. ಅದಕ್ಕೆ `alerted` ಅಂತ ಇನ್ನೊಂದು ಗುರುತು ಬೇಕು. ಮೆಸೇಜ್ ಹೋದ ಮೇಲೆಯೇ ಅದನ್ನು ಹಾಕಬೇಕು. ಲೆಕ್ಕ 3 ಅಥವಾ ಜಾಸ್ತಿ ಇದ್ದು ಗುರುತು ಇಲ್ಲದಿದ್ದರೆ ಮುಂದಿನ ಓಟ ಕಳಿಸುತ್ತದೆ. ಒಮ್ಮೊಮ್ಮೆ ಎರಡು ಮೆಸೇಜ್ ಬರಬಹುದು. ಬಾರದೇ ಇರುವುದಕ್ಕಿಂತ ವಾಸಿ ಅಲ್ವಾ?

ಮೂರನೆಯದರಲ್ಲಿ ನಾವು ಲೆಕ್ಕವನ್ನೇ ಇಡುವುದಿಲ್ಲ. ಫಂಕ್ಷನ್ ಪ್ರತಿ ಸಲ, ಅಂಕಿಗಳನ್ನು ಕಾಯುವ ಕ್ಲೌಡ್‌ವಾಚ್‌ಗೆ, ಪುಟ ಸಿಕ್ಕರೆ 1, ಸಿಗದಿದ್ದರೆ 0 ಕಳಿಸುತ್ತದೆ, ಅಷ್ಟೇ. 300 ಸೆಕೆಂಡಿನ ಮೂರು ಅವಧಿ ಸತತ ಸೊನ್ನೆಯಾದರೆ ಅಲಾರಂ ಸ್ಥಿತಿ ಬದಲಾಗುತ್ತದೆ, ಬದಲಾದಾಗ ಮಾತ್ರ ಮೆಸೇಜ್. ಸರಿಹೋದಾಗಲೂ ತಿಳಿಸುವಂತೆ ಇಡಬಹುದು. ಕರೆ ಎರಡು ಸಲ ಬಂದರೂ ಅವಧಿಯ ಕನಿಷ್ಠ ಬೆಲೆ ನೋಡುವುದರಿಂದ ಸೊನ್ನೆ ಸೊನ್ನೆಯೇ. ನನಗೆ ಹಿಡಿಸಿದ್ದು `TreatMissingData` ಅನ್ನು `breaching` ಮಾಡುವ ಸೌಲಭ್ಯ: ಫಂಕ್ಷನ್ನೇ ಓಡದೆ ನಿಂತರೂ ಅಲಾರಂ ಕೂಗುತ್ತದೆ. ಡೈನಮೋಡಿಬಿ ದಾರಿಯಲ್ಲಿ ಫಂಕ್ಷನ್ ನಿಂತರೆ ಎಲ್ಲವೂ ಮೌನ, ನಾವು ಸೈಟ್ ಚೆನ್ನಾಗಿದೆ ಅಂದುಕೊಂಡಿರುತ್ತೇವೆ. ಅಂಕಿ ಬಾರದಿದ್ದಾಗ ಮಾತ್ರ ಅಲಾರಂ ಹದಿನೈದು ನಿಮಿಷಕ್ಕಿಂತ ತಡವಾಗಿ ಬರಬಹುದು, ಯಾಕೆಂದರೆ ಅದು ಹಿಂದಿನ ಇನ್ನೂ ಕೆಲವು ಅಂಕಿಗಳನ್ನು ನೋಡುತ್ತದೆ.

ಕೊರತೆ ಒಂದೇ. ಸರ್ಟಿಫಿಕೇಟ್ ಮುಗಿದಿದೆಯೋ, ಟೈಮ್‌ಔಟೋ, 503 ಬಂತೋ ಅಂತ ಆ ಮೆಸೇಜ್ ಹೇಳುವುದಿಲ್ಲ. ಲಾಗ್ ತೆರೆದು ನೋಡಬೇಕು. ದರದ ಪುಟಕ್ಕೆ ನಾನು ಅಲಾರಮ್ಮನ್ನೇ ಇಟ್ಟುಕೊಂಡೆ. ಕಾರಣವನ್ನೂ ಮೆಸೇಜಲ್ಲೇ ಕೇಳುವವರಿಗೆ ಡೈನಮೋಡಿಬಿ ಕೊಡುತ್ತೇನೆ, ಆ ಫಂಕ್ಷನ್ ಓಡುತ್ತಿದೆಯಾ ಅಂತ ಕಾಯಲು ಪಕ್ಕದಲ್ಲೊಂದು ಅಲಾರಂ ಇಟ್ಟೇ.