ಎರಡು ಟಾರ್ಚು, ಐದು ಹರಳು: ನಕ್ಷತ್ರ ನೀಲ, ವೈಡೂರ್ಯ ಮತ್ತು ಗಾಜು

ಅಮ್ಮನಿಗೆ ಕೇತುವಿನ ಹರಳೆಂದು ವೈಡೂರ್ಯದ ಉಂಗುರ ಮಾಡಿಸಿದ್ದೆವು. ಜೇನಿನ ಬಣ್ಣ, ನಡುವೆ ಚಾಕುವಿನಿಂದ ಕೊಯ್ದಷ್ಟು ನೇರವಾದ ಬಿಳಿ ಗೆರೆ. ಎರಡೇ ವರ್ಷದಲ್ಲಿ ಅದರ ಮೇಲೆಲ್ಲ ಗೀರು ಬಿತ್ತು. ನನಗೆ ಅನುಮಾನ ಬಂದದ್ದು ಆಗಲೇ. ವೈಡೂರ್ಯದ ಗಡಸುತನ 8.5, ಧೂಳಿನಲ್ಲಿರುವ ಮರಳಿನದು 7. ಮರಳು ಅದನ್ನು ಗೀರೋದು ಹೇಗೆ? ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಹಿಡಿದು ನೋಡಿದರೆ ಅದು ಗಾಜು. ತುಂಬಾ ಬೇಜಾರಾಯಿತು.

ಆಮೇಲೆ ಪರಿಚಯದವರಿಂದ ಕೇಳಿ ತಂದು ಐದು ಹರಳು ಜೊತೆಗಿಟ್ಟು ನೋಡಿದೆ: ಶ್ರೀಲಂಕಾದ ನಕ್ಷತ್ರ ನೀಲ, ಕಾರ್ಖಾನೆಯಲ್ಲಿ ಬೆಳೆಸಿದ ನಕ್ಷತ್ರ ನೀಲ, ನಕ್ಷತ್ರವಿರುವ ಗಾಜು, ಅಸಲಿ ವೈಡೂರ್ಯ, ಮತ್ತು ಅಮ್ಮನ ಉಂಗುರದಿಂದ ಬಿಚ್ಚಿಸಿದ ಹರಳು.

ಬೆಳಕಿನ ಗೆರೆ ಹೇಗೆ ಬರುತ್ತದೆಂದು ತಿಳಿಯಲು ರೇಷ್ಮೆ ದಾರದ ಉರುಳೆಯನ್ನು ದೀಪದಡಿ ಹಿಡಿಯಿರಿ. ದಾರಗಳಿಗೆ ಅಡ್ಡಲಾಗಿ ಒಂದು ಹೊಳೆಯುವ ಪಟ್ಟಿ ಕಾಣುತ್ತದೆ. ವೈಡೂರ್ಯದಲ್ಲೂ ಆಗುವುದು ಇದೇ. ಒಳಗೆ ಕೂದಲಿಗಿಂತ ತೆಳುವಾದ ಸೂಜಿಗಳು ಅಥವಾ ಕೊಳವೆಗಳು ಒಂದೇ ದಿಕ್ಕಿಗೆ ಮಲಗಿರುತ್ತವೆ. ಅದಕ್ಕೇ ಒಂದೇ ಪಟ್ಟಿ. ನೀಲ ಎಂದರೆ ಕುರುಂದ ಎಂಬ ಖನಿಜದ ಹರಳು. ಭೂಮಿಯೊಳಗೆ ಬಿಸಿಯಾಗಿದ್ದಾಗ ಅದರಲ್ಲಿ ಟೈಟಾನಿಯಂ ಕರಗಿರುತ್ತದೆ. ನಿಧಾನವಾಗಿ ತಣಿಯುವಾಗ ಅದು ಹೊರಬಿದ್ದು ರೂಟೈಲ್ ಎಂಬ ಖನಿಜದ ಸೂಜಿಗಳಾಗುತ್ತದೆ. ಕುರುಂದದ ಹರಳಿನ ರಚನೆ ಆರು ಮೂಲೆಯದು, ಹಾಗಾಗಿ ಸೂಜಿಗಳು ಮೂರು ದಿಕ್ಕಿಗೆ, 60 ಡಿಗ್ರಿ ಅಂತರದಲ್ಲಿ ಮಲಗುತ್ತವೆ. ಮೂರು ಪಟ್ಟಿ ಒಂದನ್ನೊಂದು ದಾಟಿದರೆ ಆರು ಕಾಲಿನ ನಕ್ಷತ್ರ. ಹರಳನ್ನು ಗುಮ್ಮಟದ ಆಕಾರಕ್ಕೆ ಉಜ್ಜಬೇಕು, ತಳ ಸೂಜಿಗಳಿಗೆ ಸಮಾನಾಂತರವಾಗಿರಬೇಕು. ಸ್ವಲ್ಪ ವಾಲಿದರೂ ನಕ್ಷತ್ರ ಪಕ್ಕಕ್ಕೆ ಸರಿದು ಕೂರುತ್ತದೆ. ನಮ್ಮ ಕರ್ನಾಟಕದ ನಕ್ಷತ್ರ ಕೆಂಪೂ ಇದೇ ಕುರುಂದ.

ಮೊದಲ ಪರೀಕ್ಷೆ ಎರಡು ಟಾರ್ಚಿನದು. ಕತ್ತಲೆ ಕೋಣೆಯಲ್ಲಿ ಶ್ರೀಲಂಕಾದ ನೀಲದ ಮೇಲೆ ಎರಡು ಬೆಳಕು ಬಿಟ್ಟೆ. ಎರಡು ನಕ್ಷತ್ರ ಕಂಡವು. ಟಾರ್ಚು ಸರಿಸಿದ ಹಾಗೆ ನಕ್ಷತ್ರವೂ ಜಾರಿತು. ಕಾರ್ಖಾನೆಯದೂ ಹಾಗೇ ಮಾಡಿತು. ಗಾಜಿನದು ಮಾತ್ರ ಅಲುಗಲಿಲ್ಲ, ಎರಡಾಗಲೂ ಇಲ್ಲ. ಅದರಲ್ಲಿ ಸೂಜಿಗಳೇ ಇಲ್ಲ. ಅಚ್ಚಿನಲ್ಲಿ ನಕ್ಷತ್ರದ ಉಬ್ಬು ಮೂಡಿಸಿ ಮೇಲೆ ನೀಲಿ ಹೊಳಪು ಕೊಟ್ಟಿದ್ದರು.

ಆದರೆ ಈ ಪರೀಕ್ಷೆ ಅಮ್ಮನ ಹರಳನ್ನು ಹಿಡಿಯಲಿಲ್ಲ! ಅದು ಗಾಜಿನ ಎಳೆಗಳನ್ನು ಸಾವಿರಗಟ್ಟಲೆ ಒತ್ತಾಗಿ ಬೆಸೆದು ಮಾಡಿದ್ದು. ಎಳೆಗಳು ನಿಜವಾಗಿಯೂ ಒಂದೇ ದಿಕ್ಕಿಗಿವೆ, ಹಾಗಾಗಿ ಬೆಳಕಿನ ಗೆರೆ ನಿಜವಾಗಿಯೂ ಜಾರುತ್ತದೆ. ಇದನ್ನು ಪಕ್ಕದಿಂದ ನೋಡಬೇಕು. ಗೆರೆ ಉದ್ದಕ್ಕೆ ಇದ್ದರೆ ಎಳೆಗಳು ಅಡ್ಡಕ್ಕೆ ಇರುತ್ತವೆ, ಅವುಗಳ ತುದಿ ಹರಳಿನ ಎರಡು ಉದ್ದ ಪಕ್ಕಗಳಲ್ಲಿ ಸಿಗುತ್ತದೆ. ಅಲ್ಲಿ ಲೂಪ್ ಇಟ್ಟರೆ ಜೇನುಗೂಡಿನಂತೆ ಪುಟ್ಟ ಪುಟ್ಟ ಕೋಣೆಗಳು ಕಾಣುತ್ತವೆ. ಅಸಲಿ ವೈಡೂರ್ಯದಲ್ಲಿ ಈ ಗೂಡು ಇರೋದಿಲ್ಲ. ನನಗೆ ಇದಕ್ಕಿಂತ ನಂಬಿಕೆಯ ಗುರುತು ಬೇರೆ ಸಿಕ್ಕಿಲ್ಲ.

ಎರಡನೆಯದು ತೂಕ. 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಸಾಕು. ಮೊದಲು ಹರಳನ್ನು ಒಣಗಿದ್ದಾಗ ತೂಗಿ. ಆಮೇಲೆ ನೀರಿನ ಲೋಟ ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ಹರಳನ್ನು ದಾರದಲ್ಲಿ ಕಟ್ಟಿ, ತಳಕ್ಕೆ ತಾಗದಂತೆ ಪೂರ್ತಿ ಮುಳುಗಿಸಿ. ಒಣ ತೂಕವನ್ನು ಈಗ ಬಂದ ಅಂಕಿಯಿಂದ ಭಾಗಿಸಿದರೆ, ಹರಳು ತನ್ನಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಎಂದು ಸಿಗುತ್ತದೆ. ನನ್ನ ಶ್ರೀಲಂಕಾದ ನೀಲ 1.64 ಗ್ರಾಂ, ನೀರಿನಲ್ಲಿ 0.41 ಬಂತು: ಸರಿಯಾಗಿ 4. ಕುರುಂದಕ್ಕೆ ಬರಬೇಕಾದ್ದೂ ಅಷ್ಟೇ. ನಕ್ಷತ್ರದ ಗಾಜು 1.52 ಗ್ರಾಂ, ನೀರಿನಲ್ಲಿ 0.61: ಸುಮಾರು 2.5. ಒಂದು ಗ್ರಾಂಗಿಂತ, ಅಂದರೆ 5 ಕ್ಯಾರೆಟ್‌ಗಿಂತ ಚಿಕ್ಕ ಹರಳಿಗೆ ಈ ಲೆಕ್ಕ ನಂಬಬೇಡಿ. ಒಂದು ಹನಿ ಗುಳ್ಳೆ ಅಂಟಿದರೂ ತಪ್ಪು ಬರುತ್ತದೆ. ಎಳೆ ಗಾಜಿಗೂ ಇದು ಬೇಡ, ಭಾರದ ಗಾಜಿನಲ್ಲೂ ಅದನ್ನು ಮಾಡುತ್ತಾರೆ.

ಕಾರ್ಖಾನೆಯ ನೀಲವೂ 4 ಬಂತು. ಬರಲೇಬೇಕಲ್ವಾ, ಅದೂ ಕುರುಂದವೇ. 1947ರಲ್ಲಿ ಅಮೆರಿಕದ ಲಿಂಡೆ ಕಂಪನಿ ಇಂಥವನ್ನು ಮಾರುಕಟ್ಟೆಗೆ ತಂದಿತು. ಅಲ್ಯೂಮಿನಿಯಂ ಆಕ್ಸೈಡ್ ಪುಡಿಗೆ ಟೈಟಾನಿಯಂ ಬೆರೆಸಿ, ಜ್ವಾಲೆಯಲ್ಲಿ ಕರಗಿಸಿ, ಮತ್ತೆ ಕಾಯಿಸಿ ಸೂಜಿ ಹುಟ್ಟಿಸುತ್ತಾರೆ. ಇಲ್ಲಿ ಕಣ್ಣೇ ತಕ್ಕಡಿ. ಕಾರ್ಖಾನೆಯದರ ನಕ್ಷತ್ರ ಮೇಲ್ಮೈಯಲ್ಲಿ ಬಿಳಿ ಪೆನ್ಸಿಲ್‌ನಲ್ಲಿ ಬರೆದಂತಿತ್ತು, ಆರೂ ಕಾಲು ಒಂದೇ ಸಮ, ಅಂಚಿನವರೆಗೂ. ಶ್ರೀಲಂಕಾದ್ದರಲ್ಲಿ ಅದು ಒಳಗಿನಿಂದ ತೇಲಿ ಬಂದಂತಿತ್ತು, ಒಂದು ಕಾಲು ಮಂಕು, ಇನ್ನೊಂದು ಕೊಂಚ ಅಂಕುಡೊಂಕು. ಲೂಪ್‌ನಲ್ಲಿ ಕಾರ್ಖಾನೆಯದರ ಬೆನ್ನಲ್ಲಿ ಬಾಗಿದ ಗೆರೆಗಳು ಕಂಡವು. ನೆಲದಲ್ಲಿ ಬೆಳೆದ ನೀಲದಲ್ಲಿ ಬಣ್ಣದ ಗೆರೆಗಳು ನೇರವಾಗಿ, ಮೂಲೆ ಮಾಡಿಕೊಂಡು ಹೋಗುತ್ತವೆ.

ನನ್ನ ಆಯ್ಕೆ ಆ ಅಂಕುಡೊಂಕು ನಕ್ಷತ್ರದ್ದೇ. ಬರೀ ಚೆಂದಕ್ಕಾದರೆ, ಕಾರ್ಖಾನೆಯದೆಂದು ಹೇಳಿಯೇ ಕೊಟ್ಟರೆ, ಅದನ್ನೂ ಕೊಳ್ಳುತ್ತೇನೆ. ಅದರ ಗಡಸುತನವೂ 9, ಗೀರು ಸುಲಭಕ್ಕೆ ಬೀಳದು. ತಳ ಮುಚ್ಚಿ ಕಟ್ಟಿದ ಉಂಗುರ ಮಾತ್ರ ಬೇಡ. ಬೆನ್ನೂ ಕಾಣದು, ತೂಗಲೂ ಆಗದು. ಅಮ್ಮನಿಗೆ ಈ ಸಲ ಮೊದಲು ಬಿಡಿ ಹರಳು ತಂದು, ಪ್ರಯೋಗಾಲಯದ ಪ್ರಮಾಣಪತ್ರ ಕೈಗೆ ಬಂದ ಮೇಲೇ ಅಕ್ಕಸಾಲಿಗೆ ಕೊಟ್ಟೆವು.