ಆಡಿಟರ್‌ಗೆ ಬ್ರೋಕರ್ ಕಳಿಸುವ ಇನ್ಶೂರೆನ್ಸ್ ಮೇಲ್: ಮೂರು ವರ್ಷದ ಅನುಭವ

ರಾಯಚೂರಿನ ಒಂದು ರೈಸ್ ಮಿಲ್ಲಿನಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನಮ್ಮ ಪಾಲಿಸಿಗಳೆಲ್ಲ ಮೂರು ವರ್ಷದಿಂದ ಒಬ್ಬರೇ ಬ್ರೋಕರ್ ಕೈಯಲ್ಲಿವೆ. ಹೆಸರು ಬೇಡ. ರಿನ್ಯೂವಲ್ ಎಂದೂ ತಪ್ಪಿಸಿಲ್ಲ, ಫೋನ್ ಮಾಡಿದರೆ ಎತ್ತುತ್ತಾರೆ. ಎಡವುವುದು ವರ್ಷಕ್ಕೊಮ್ಮೆ ನಮ್ಮ ಆಡಿಟರ್‌ಗೆ ಕಳಿಸುವ ಮೇಲ್‌ನಲ್ಲಿ.

ಮಾರ್ಚ್ 31ಕ್ಕೆ ಯಾವ ಪಾಲಿಸಿ ಚಾಲ್ತಿಯಲ್ಲಿತ್ತು, ವಿಮಾ ಮೊತ್ತ ಎಷ್ಟು, ಯಾವತ್ತು ಮುಗಿಯುತ್ತದೆ. ಇಷ್ಟೇ ಬೇಕಿರುವುದು. ನಾವೇ ಬರೆದುಕೊಟ್ಟರೆ ಆಡಿಟರ್ ಒಪ್ಪುವುದಿಲ್ಲ. ಬ್ರೋಕರ್ ನೇರವಾಗಿ ಅವರಿಗೇ ಕಳಿಸಬೇಕು, ನಮಗೆ ಬರೀ ಕಾಪಿ.

ಮೊದಲ ವರ್ಷ ಮೇಲ್ ಹೋಗಿದ್ದು ಮೇ ತಿಂಗಳಲ್ಲಿ. ಲಾರಿ ಪಾಲಿಸಿ ಏಪ್ರಿಲ್‌ನಲ್ಲಿ ರಿನ್ಯೂ ಆಗಿತ್ತು. ಅವರು ಹೊಸ ಪಾಲಿಸಿಯ ನಂಬರ್, ಹೊಸ ತಾರೀಕು ಹಾಕಿದರು. ಮಾರ್ಚ್ 31ರಂದು ಆ ಪಾಲಿಸಿ ಹುಟ್ಟೇ ಇರಲಿಲ್ಲ ಅಲ್ವಾ! ಅದು ಸಣ್ಣದು, ಒಂದೇ ಫೋನಿನಲ್ಲಿ ಸರಿಹೋಯಿತು.

ಎರಡನೇ ವರ್ಷದ್ದು ಬೆವರಿಳಿಸಿತು. ಆಡಿಟರ್ ಆಫೀಸಿನ ಹುಡುಗ ಫೋನ್ ಮಾಡಿ, "ಸರ್, ನಿಮ್ಮ ಸ್ಟಾಕ್ 2 ಕೋಟಿ 60 ಲಕ್ಷ ಐತ್ರಿ, ಇನ್ಶೂರೆನ್ಸ್ ಬರೀ 2 ಕೋಟಿ ತೋರಿಸ್ಯಾರ" ಅಂದ.

ನಮ್ಮದು ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿ. ಕಟ್ಟಡ, ಮಷಿನ್, ಸ್ಟಾಕ್ ಎಲ್ಲ ಸೇರಿ ಒಂದು ಜಾಗದಲ್ಲಿ 5 ಕೋಟಿಯೊಳಗಿದ್ದರೆ ಇದು ಸಿಗುತ್ತದೆ. ಇದರಲ್ಲಿ ವಿಮೆ ಶೇ. 15ರವರೆಗೆ ಕಡಿಮೆ ಬಿದ್ದರೂ ಕ್ಲೇಮ್‌ನಲ್ಲಿ ಕತ್ತರಿ ಹಾಕುವುದಿಲ್ಲ. ಆದರೆ 2 ಕೋಟಿ 60 ಲಕ್ಷದ ಮಾಲಿಗೆ 2 ಕೋಟಿ ಅಂದರೆ ಶೇ. 23ರಷ್ಟು ಕೊರತೆ. ಬೆಂಕಿಯಲ್ಲಿ 26 ಲಕ್ಷದ ಭತ್ತ ಹೋದರೆ ಅದೇ ಅನುಪಾತದಲ್ಲಿ ಕತ್ತರಿ ಬಿದ್ದು ಕೈಗೆ ಬರುವುದು 20 ಲಕ್ಷವೇ.

ನನಗೆ ಡಿಸೆಂಬರ್ ನೆನಪಾಯಿತು. ಹೊಸ ಭತ್ತ ಬಂದು ಗೋದಾಮು ತುಂಬಿದಾಗ 50 ಲಕ್ಷ ಜಾಸ್ತಿ ಮಾಡಿಸಿ ಪ್ರೀಮಿಯಂ ಕಟ್ಟಿದ್ದೆವು. ಫೈಲ್ ತೆಗೆದೆ. ಪಾಲಿಸಿಯ ಹಿಂದೆ ಪಿನ್ ಮಾಡಿದ ಒಂದೇ ಹಾಳೆ, ಆ ಹೆಚ್ಚಳ ದಾಖಲಿಸಿದ ಎಂಡಾರ್ಸ್‌ಮೆಂಟ್. ಬ್ರೋಕರ್ ಆಫೀಸಿನವರು ಮೊದಲಿನ ಶೆಡ್ಯೂಲ್ ನೋಡಿ ಟೈಪ್ ಮಾಡಿದ್ದರು, ಈ ಹಾಳೆ ತಿರುವಿ ನೋಡಿರಲಿಲ್ಲ. ಎರಡೂ ಸೇರಿಸಿದರೆ ಎರಡೂವರೆ ಕೋಟಿ, ಕೊರತೆ ಶೇ. 4ಕ್ಕಿಂತಲೂ ಕಡಿಮೆ. ಚಿಂತೆ ಇಲ್ಲ. ತಿದ್ದಿದ ಮೇಲ್ ಬರಲು ಮಾತ್ರ ಒಂಬತ್ತು ದಿನ ಹಿಡಿಯಿತು.

ಈ ವರ್ಷ ನಾನೇ ಮೊದಲು ಎಂಡಾರ್ಸ್‌ಮೆಂಟ್ ನಂಬರ್‌ಗಳನ್ನು ಬ್ರೋಕರ್‌ಗೆ ಕಳಿಸಿ, "ಮಾರ್ಚ್ 31ಕ್ಕೆ ಇದ್ದಂತೆ" ಅಂತ ಮೇಲ್‌ನ ಮೊದಲ ಸಾಲಲ್ಲೇ ಹಾಕಿ ಎಂದೆ. ಎರಡೇ ದಿನದಲ್ಲಿ ಸರಿಯಾದ ಮೇಲ್ ಹೋಯಿತು. ಗೋದಾಮಿನ ವಿಳಾಸ ಮಾತ್ರ ಬಿಟ್ಟಿದ್ದರು, ಮತ್ತೆ ಕೇಳಿ ಹಾಕಿಸಿದೆ. ಐದಕ್ಕೆ ಮೂರು ಸ್ಟಾರ್.